ಕೈನಕ್ಷೆ ಆಟೋಕ್ಯಾಡ್‌ನಲ್ಲಿ ನಿಜ ಅಳತೆಗೆ

ತೀರ್ಥಹಳ್ಳಿಯ ಹಳೇ ತೊಟ್ಟಿ ಮನೆಯ ಕೈನಕ್ಷೆ ಸ್ಕ್ಯಾನ್ ಮಾಡಿದ್ದೇನೆ. ಆಟೋಕ್ಯಾಡ್‌ನಲ್ಲಿ ನಿಜ ಅಳತೆಗೆ ತರೋದು ಹೇಗೆ?

ಮೊದಲು `IMAGEATTACH` ಕೊಟ್ಟು ಚಿತ್ರ ಸೇರಿಸಿ. ಆಗ ಕೇಳುವ ಸ್ಕೇಲ್ ಎಷ್ಟಿದ್ದರೂ ನಡೆಯುತ್ತೆ. ಆಮೇಲೆ `SCALE` ಕೊಟ್ಟು ಚಿತ್ರದ ಅಂಚು ಕ್ಲಿಕ್ಕಿಸಿ ಆರಿಸಿ, ಜಗಲಿ ಗೋಡೆಯ ಒಂದು ಮೂಲೆಯನ್ನು ಬೇಸ್ ಪಾಯಿಂಟ್ ಮಾಡಿ. `R` ಒತ್ತಿ, ಅದೇ ಮೂಲೆ, ನಂತರ ಇನ್ನೊಂದು ತುದಿ ಕ್ಲಿಕ್ ಮಾಡಿ. ಗೋಡೆ 30 ಅಡಿ, ಡ್ರಾಯಿಂಗ್ ಮಿಲಿಮೀಟರಿನಲ್ಲಿ ಇದ್ದರೆ 9144 ಟೈಪ್ ಮಾಡಿ.

ಉದ್ದದ ಗೋಡೆಯನ್ನೇ ಹಿಡಿಯಿರಿ. 3 ಅಡಿಯ ಬಾಗಿಲು ಹಿಡಿದರೆ ಕ್ಲಿಕ್ಕಿನ ಸಣ್ಣ ತಪ್ಪು ಗೋಡೆಯುದ್ದಕ್ಕೆ ಹತ್ತು ಪಟ್ಟಾಗುತ್ತೆ.

ಈಗ `DIST`ನಿಂದ ಅಡ್ಡ ಗೋಡೆ ಅಳೆಯಿರಿ. ಅದು ಹೊಂದದಿದ್ದರೆ ನಕ್ಷೆಯೇ ಅಳತೆಗೆ ಬರೆದದ್ದಲ್ಲ, ಅಥವಾ ಮೊಬೈಲ್ ಓರೆ ಹಿಡಿದು ತೆಗೆದ ಫೋಟೋ. `SCALE` ಎರಡೂ ದಿಕ್ಕನ್ನು ಒಂದೇ ಸಮ ಹಿಗ್ಗಿಸುತ್ತೆ, ಹಾಗಾಗಿ ಇದು ಸರಿಹೋಗಲ್ಲ. ಫೋಟೋ ಆಗಿದ್ದರೆ ಮೂಲ ನಕ್ಷೆಯನ್ನೇ ಸ್ಕ್ಯಾನರ್‌ನಲ್ಲಿ ಹಾಕಿ. ಇಲ್ಲದಿದ್ದರೆ ಗೆರೆ ಬಿಟ್ಟು, ಬರೆದಿರುವ ಅಳತೆಯನ್ನೇ ನಂಬಿ ಎಳೆಯಿರಿ.