ಬಬಲ್ ಹೊತ್ತಿನಲ್ಲಿ ಏಸ್-ಕಿಂಗ್ ಬಂದರೂ ಯಾಕೆ ಬಿಡಬೇಕು?

"ಕಲಬುರಗಿಯಾಗ ದೋಸ್ತರೆಲ್ಲ ಸೇರಿ ಪೋಕರ್ ಟೂರ್ನಮೆಂಟ್ ಆಡಿದ್ವಿ. ನಾಲ್ಕು ಮಂದಿ ಉಳಿದಿದ್ವಿ, ಮೂರು ಮಂದಿಗೆ ಬಹುಮಾನ, ಎಲ್ಲಾರ ಹತ್ರ ಚಿಪ್ಸ್ ಸರೀಸಮ. ಒಬ್ಬಾಂವ ಇದ್ದ ಚಿಪ್ಸೆಲ್ಲ ಇಟ್ಟು ಆಲ್-ಇನ್ ಹೋದ, ನಾ ಏಸ್-ಕಿಂಗ್ ಇಟ್ಕೊಂಡು ಅಷ್ಟೇ ಚಿಪ್ಸ್ ಇಟ್ಟು ಕಾಲ್ ಮಾಡಿ ಹೊರಗ ಬಿದ್ದೆ. ನಸೀಬ್ ಖರಾಬ್ ಇತ್ತೇನ್ರಿ?"

ನಸೀಬಿನ ಮಾತು ಬಿಡ್ರಿ. ಇನ್ನೊಬ್ಬ ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಅನ್ನುವ ಈ ಹೊತ್ತಿಗೇ ಬಬಲ್ ಅನ್ನುವುದು. ಇದೇ ಪ್ರಶ್ನೆ ಹಿಂದೊಮ್ಮೆ ನನ್ನ ತಲೆಯಲ್ಲೂ ಇತ್ತು. ನೀವು ಆ ಕೈ ಗೆದ್ದಿದ್ದರೂ ಆ ಕಾಲ್ ಸರಿ ಅನ್ನುತ್ತಿರಲಿಲ್ಲ.

ದೀಪಾವಳಿಗೆ ಮೂರೆಲೆ ಆಡಿ ಬೆಳೆದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಮೂರೆಲೆಯಲ್ಲಿ ಮುಂದಿರುವುದು ರೊಕ್ಕವೇ. ಎರಡರಷ್ಟಾಯಿತು ಅಂದರೆ ಎರಡರಷ್ಟು ಜೇಬಿಗೆ ಹಾಕಿಕೊಂಡು ಎದ್ದು ಹೋಗಬಹುದು. ಟೂರ್ನಮೆಂಟಿನ ಚಿಪ್ಸ್ ಯಾರೂ ರೊಕ್ಕ ಕೊಟ್ಟು ವಾಪಸ್ ತಗೊಳ್ಳುವುದಿಲ್ಲ. ನೀವು ಎಷ್ಟನೆಯವರಾಗಿ ಉಳಿದಿರಿ ಅನ್ನುವುದಕ್ಕಷ್ಟೇ ಬಹುಮಾನ.

ನಿಮ್ಮ ಟೇಬಲ್ಲನ್ನೇ ತಗೊಳ್ಳೋಣ. ನಾಲ್ವರಿಗೂ 5000 ಚಿಪ್ಸ್ ಅಂತಿಟ್ಟುಕೊಳ್ಳಿ. ಬಹುಮಾನ ಒಟ್ಟು 10,000 ರೂಪಾಯಿ: ಮೊದಲಿನವನಿಗೆ 5000, ಎರಡನೆಯವನಿಗೆ 3000, ಮೂರನೆಯವನಿಗೆ 2000. ಎಲ್ಲರೂ ಸಮ ಇರುವಾಗ ಒಬ್ಬೊಬ್ಬರ ಪಾಲು 2500 ರೂಪಾಯಿ.

ಈಗ ಆಲ್-ಇನ್ ಆಗಿ ನೀವು ಗೆದ್ದಿರಿ ಅನ್ನಿ. ನಿಮ್ಮ ಬಳಿ 10,000 ಚಿಪ್ಸ್, ಉಳಿದಿಬ್ಬರ ಬಳಿ ಐದೈದು ಸಾವಿರ. ಮೊದಲ ಸ್ಥಾನ ಸಿಗುವ ಸಾಧ್ಯತೆ ನಿಮ್ಮ ಚಿಪ್ಸಿನ ಪಾಲಿನಷ್ಟೇ, ಅಂದರೆ ಅರ್ಧ. ಎರಡನೇ ಸ್ಥಾನಕ್ಕೆ, ಮೊದಲು ಬಂದವನ ಚಿಪ್ಸನ್ನು ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಮತ್ತೆ ಪಾಲು ನೋಡಬೇಕು: ಮೂರರಲ್ಲಿ ಒಂದು ಬರುತ್ತದೆ. ಮೂರನೇ ಸ್ಥಾನಕ್ಕೆ ಆರರಲ್ಲಿ ಒಂದು ಉಳಿಯಿತು. 5000ದ ಅರ್ಧ 2500, 3000ದ ಮೂರನೇ ಒಂದು 1000, 2000ದ ಆರನೇ ಒಂದು 333. ಒಟ್ಟು 3833. (ಡೇವಿಡ್ ಹಾರ್ವಿಲ್ 1973ರಲ್ಲಿ ಕುದುರೆ ರೇಸಿಗೆ ಕೊಟ್ಟ ಲೆಕ್ಕ ಇದು, ಪೋಕರಿನವರು ಆಮೇಲೆ ಎತ್ತಿಕೊಂಡು ಐಸಿಎಮ್ ಅಂದರು.)

ಚಿಪ್ಸ್ ಎರಡರಷ್ಟಾಯಿತು, ರೊಕ್ಕ ಆಗಲಿಲ್ಲ. ಗೆದ್ದರೆ ಬರುವುದು 1333, ಸೋತರೆ ಹೋಗುವುದು 2500. ಉಳಿದ 1167 ರೂಪಾಯಿ ಎಲ್ಲಿ ಹೋಯಿತು? ಎಲೆ ಮುಟ್ಟದೆ ಕೂತ ಆ ಇಬ್ಬರ ಪಾಲು 2500ರಿಂದ 3083ಕ್ಕೆ ಏರಿದೆ. ನೀವಿಬ್ಬರು ಬಡಿದಾಡಿದ್ದಕ್ಕೆ ಅವರಿಗೆ ಪುಕ್ಕಟೆ ಕೂಲಿ ಸಿಕ್ಕಿತು.

ಹಾಗಾಗಿ ಕಾಲ್ ಮಾಡಲು ಗೆಲುವಿನ ಸಾಧ್ಯತೆ ಎಷ್ಟಿರಬೇಕು? 2500ನ್ನು 3833ರಿಂದ ಭಾಗಿಸಿ: ಶೇ. 65. ಬೇರೆ ಬೇರೆ ಬಣ್ಣದ ಏಸ್-ಕಿಂಗ್, ಎದುರಿನವ ಕಣ್ಣು ಮುಚ್ಚಿ ಯಾವ ಎಲೆ ಬಂದರೂ ಚಿಪ್ಸೆಲ್ಲ ಮುಂದೆ ತಳ್ಳುತ್ತಿದ್ದರೂ, ಗೆಲ್ಲುವುದು ಶೇ. 65ರ ಹತ್ತಿರ. ಅಂದರೆ ಆಗಲೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವನು ಜೋಡಿ ಅಥವಾ ಏಸ್ ಇದ್ದರೆ ಮಾತ್ರ ತಳ್ಳುವ ಮನುಷ್ಯ ಅಂದರೆ ನಿಮ್ಮ ಲೆಕ್ಕ ಅದಕ್ಕಿಂತ ಕೆಳಗೆ. ಇನ್ನೂ ವಿಚಿತ್ರ ಹೇಳ್ತೀನಿ: ಅವನು ಏಸ್-ಕಿಂಗ್ ತೋರಿಸಿಯೇ ಆಲ್-ಇನ್ ಹೋದರೂ, ನಿಮ್ಮ ಕೈಯಲ್ಲಿ ಕ್ವೀನ್ ಜೋಡಿ ಇದ್ದರೆ ಬಿಡಬೇಕು. ಅದು ಗೆಲ್ಲುವುದು ಶೇ. 57ರ ಆಸುಪಾಸು. ನೀವು ಬಿಗ್ ಬ್ಲೈಂಡಿನಲ್ಲಿ, ಅಂದರೆ ಎಲೆ ನೋಡುವ ಮುಂಚೆಯೇ ಕಡ್ಡಾಯವಾಗಿ ಇಡಬೇಕಾದ ಪಣದಲ್ಲಿ, ಆಗಲೇ ಚಿಪ್ಸ್ ಹಾಕಿದ್ದರೆ ಬೇಕಾದ ಸಾಧ್ಯತೆ ಸ್ವಲ್ಪ ಇಳಿಯುತ್ತದೆ. ಬ್ಲೈಂಡ್ ತೀರಾ ದೊಡ್ಡದಿಲ್ಲದಿದ್ದರೆ ಐವತ್ತಕ್ಕಂತೂ ಬರುವುದಿಲ್ಲ.

ಇದನ್ನು ಕೇಳಿ ಸುಮ್ಮನೆ ಎಲೆ ಬಿಡುತ್ತಾ ಕೂತರೆ ಅದೂ ತಪ್ಪೇ. ಎದುರಿನವರಿಗೂ ಇದೇ 65ರ ಕುಣಿಕೆ ಇದೆ. ನೀವು ಮೊದಲು ತಳ್ಳಿದರೆ ಅವರೇ ಒಳ್ಳೆಯ ಎಲೆ ಬಿಟ್ಟು ಕೊಡಬೇಕಾಗುತ್ತದೆ, ನಿಮಗೆ ಬ್ಲೈಂಡ್ ಜಗಳವಿಲ್ಲದೆ ಬರುತ್ತದೆ. ಅದೇ ಏಸ್-ಕಿಂಗ್ ತಳ್ಳುವುದಕ್ಕೆ ಚಿನ್ನ, ಕಾಲ್ ಮಾಡುವುದಕ್ಕೆ ತವರ. ಇನ್ನು ಟೇಬಲ್ಲಿನಲ್ಲಿ ಒಬ್ಬನ ಬಳಿ ಒಂದೆರಡು ಬ್ಲೈಂಡಿಗಾಗುವಷ್ಟೇ ಚಿಪ್ಸ್ ಉಳಿದಿದ್ದರೆ, ಮಧ್ಯದ ಸ್ಟ್ಯಾಕಿನವರು ಇನ್ನೂ ಬಿಗಿಯಾಗಬೇಕು, ಅವನು ಹೋಗುವ ತನಕ. ದೊಡ್ಡ ಸ್ಟ್ಯಾಕಿನವನು ಆ ಹೊತ್ತಿನಲ್ಲೇ ಎಲ್ಲರ ಮೇಲೆ ಸವಾರಿ ಮಾಡುತ್ತಾನೆ, ಸೋತರೂ ಅವನು ಹೊರಬೀಳುವುದಿಲ್ಲವಲ್ಲ.

ಈ 65 ಎಲ್ಲ ಕಡೆಗೂ ಒಂದೇ ಅಲ್ಲ. ಆಟ ಶುರುವಾಗುವ ಮುಂಚೆಯೇ ಬಹುಮಾನ ಹೇಗೆ ಹಂಚುತ್ತೀರಿ ಅಂತ ಕೇಳಿಕೊಳ್ಳಿ. ಪೂರಾ 10,000 ಮೊದಲಿನವನಿಗೇ ಅಂದರೆ ಚಿಪ್ಸ್ ಮತ್ತೆ ರೊಕ್ಕದಂತೆಯೇ ನಡೆಯುತ್ತದೆ, ಶೇ. 50 ಸಾಕು, ಏಸ್-ಕಿಂಗ್ ನಿಶ್ಚಿಂತೆಯಿಂದ ಕಾಲ್ ಮಾಡಿ. ಮೂವರಿಗೂ ಸಮ ಬಹುಮಾನ ಅಂದರೆ ಈಗ ಒಂದು ಬಹುಮಾನದ ನಾಲ್ಕರಲ್ಲಿ ಮೂರು ಪಾಲು ಖಾತ್ರಿಯಂತೆ ನಿಮ್ಮ ಕೈಲಿದೆ, ಗೆದ್ದರೆ ಸೇರುವುದು ಇನ್ನೊಂದೇ ಪಾಲು. ಅಲ್ಲಿ ಶೇ. 75 ಬೇಕು, ಏಸ್-ಕಿಂಗನ್ನು ನೋಡದೆಯೇ ಬಿಸಾಕಿ.