ಬಿರುದು ಕೆಲಸದಿಂದ ಹುಟ್ಟಲಿ

“ಮಲ್ಪೆಯಂಥ ಬಂದರು ಕಾಯುವ ನನ್ನ ಕಾದಂಬರಿಯ ನಾಯಕಿಗೆ ‘ರಣಚಂಡಿ ಮಹಾವೀರೆ’ ಅಂತ ಬಿರುದು ಕೊಟ್ಟೆ. ಓದಿದವರು ನಗ್ತಾರೆ. ಏನು ಮಾಡ್ಲಿ?”

ಆ ಬಿರುದನ್ನು ಬೇರೆ ಯಾವ ವೀರನಿಗೆ ಇಟ್ಟರೂ ಹೊಂದುತ್ತದೆ. ತೊಂದರೆ ಅಲ್ಲೇ ಇದೆ. ಹೊಯ್ಸಳ ವಿಷ್ಣುವರ್ಧನನ ‘ತಲಕಾಡುಗೊಂಡ’ ನೋಡಿ. ಚೋಳರಿಂದ ತಲಕಾಡನ್ನು ಗೆದ್ದವನು ಅಂತಷ್ಟೇ ಅರ್ಥ. ಹೊಗಳಿಕೆಯೇ ಇಲ್ಲ, ಆದರೂ ತೂಕವಿದೆ ಅಲ್ವಾ? ಒಂದು ಊರು, ಒಂದು ಕೆಲಸ, ಸಾಕು.

ನಿಮ್ಮ ನಾಯಕಿ ಏನು ಮಾಡಿದಳು ಅಂತ ಮೊದಲು ಬರೆಯಿರಿ. ಶತ್ರುಗಳ ಹಡಗುಗಳು ರಾತ್ರಿ ಅಳಿವೆಬಾಗಿಲಿಗೆ ಬಂದವು ಅಂದುಕೊಳ್ಳಿ. ಅವಳು ದಾರಿ ತೋರುವ ದೀಪ ಆರಿಸಿದಳು. ಹಡಗುಗಳು ಮರಳುದಿಣ್ಣೆಗೆ ಸಿಕ್ಕಿಕೊಂಡವು. ಆದರೆ ಅದೇ ಕತ್ತಲಲ್ಲಿ ನಮ್ಮವರ ಒಂದು ದೋಣಿಯೂ ಮುಳುಗಿತು.

ಈಗ ಅರಮನೆ ಅವಳನ್ನು ‘ಅಳಿವೆ ಕಾದವಳು’ ಅನ್ನುತ್ತದೆ. ಮೀನುಗಾರರು ‘ದೀಪ ಆರಿಸಿದವಳು’ ಅನ್ನುತ್ತಾರೆ. ಆ ದೋಣಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯೂ ಅದನ್ನೇ ಹೇಳುತ್ತಾಳೆ, ಬೇರೆ ದನಿಯಲ್ಲಿ. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ನಾಯಕಿಯೇ ಆ ಬಿರುದನ್ನು ಹೇಳಿಕೊಳ್ಳೋದು ಬೇಡ. ಮೊದಲ ಅಧ್ಯಾಯದಲ್ಲಿ ಯಾರೋ ಸುಮ್ನೆ ಕರೆಯಲಿ, ಕಾರಣ ಆಮೇಲೆ ತಿಳಿಯಲಿ. ಪೂರ್ತಿ ಬಿರುದಾವಳಿ ಆಸ್ಥಾನದ ದೃಶ್ಯಕ್ಕೆ ಮಾತ್ರ ಇರಲಿ. ಜೊತೆಗಾರರು ಹೆಸರು ಹಿಡಿದೇ ಕರೆಯಲಿ.