ತತ್ತಿ ಬೇಕೋ, ಬಾಳೆಹಣ್ಣು ಬೇಕೋ?

"ಸಂಪಾದಕರಿಗೆ ನಮಸ್ಕಾರ. ನಾನು ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಜೂನ್‌ನಲ್ಲಿ ಸೇರಿದವಳು, ಈಗ ನವೆಂಬರ್ ಬಂತು, ಶಾಲೆಯಲ್ಲಿ ಒಂದು ಮಾತೂ ಆಡಿಲ್ಲ. ಮನೆಯಲ್ಲಿ ಬಾಯಿ ಮುಚ್ಚೋದೇ ಇಲ್ಲ ಅಂತಾರೆ ಅವರವ್ವ. ಬರೆಯೋದು, ಚಿತ್ರ ಹಾಕೋದು ಎಲ್ಲ ಚೆನ್ನಾಗಿದೆ. ಚಾಕ್ಲೇಟ್ ಆಸೆ ತೋರಿಸಿದೆ, ಗದರಿದೆ, ಸಾಕಾಗಿ ಸುಮ್ನೆ ಬಿಟ್ಟೆ. ಇದು ಹಟವಾ? ಬಾಯಿ ಬಿಡಿಸೋದು ಹೇಗೆ?"
— ಒಬ್ಬ ಶಿಕ್ಷಕಿ, ಕಲಬುರಗಿ ಜಿಲ್ಲೆ

ಅಕ್ಕೋರೇ, ನಮಸ್ಕಾರ.

ಹಟ ಅಲ್ಲ, ಹೆದರಿಕೆ. ಹಟ ಮಾಡುವ ಮಗುವಿನ ಮುಖ ನಿಮಗೆ ಗೊತ್ತೇ ಇದೆ. ತುಟಿ ಮುಂದೆ ಬರುತ್ತದೆ, ಕಣ್ಣು ನಿಮ್ಮನ್ನೇ ಅಳೆಯುತ್ತಿರುತ್ತದೆ. ಈ ಹುಡುಗಿಗೆ ನೀವು ಪ್ರಶ್ನೆ ಕೇಳಿದಾಗ ಏನಾಗುತ್ತದೆ ಅಂತ ನಾಳೆ ಒಮ್ಮೆ ಗಮನಿಸಿ. ಮುಖದಲ್ಲಿ ಯಾವ ಭಾವವೂ ಇರೋದಿಲ್ಲ. ಹೆಗಲು ಬಿಗಿಯಾಗುತ್ತದೆ, ಕೈ ಇದ್ದಲ್ಲೇ ನಿಲ್ಲುತ್ತದೆ. ಆಗ ಗಂಟಲೂ ಕಟ್ಟಿಹೋಗಿರುತ್ತದೆ. ಮಾತು ಒಳಗಿದೆ, ಹೊರಗೆ ಬರ್ತಾ ಇಲ್ಲ.

ಡಾಕ್ಟರುಗಳು ಇದನ್ನು ಸೆಲೆಕ್ಟಿವ್ ಮ್ಯುಟಿಸಂ ಅಂತಾರೆ, ಆತಂಕದ ಕಾಯಿಲೆಗಳ ಸಾಲಿನಲ್ಲಿ ಸೇರಿಸುತ್ತಾರೆ. 1934ರಲ್ಲಿ ಇದಕ್ಕೆ ಇಟ್ಟ ಹೆಸರಿನಲ್ಲಿ 'ಮಗು ತಾನಾಗಿ ಆರಿಸಿಕೊಂಡ ಮೌನ' ಅನ್ನೋ ಅರ್ಥ ಇತ್ತು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆ ಹೆಸರನ್ನು ಬಿಟ್ಟಿತು. ಕೆಲವು ಜಾಗಗಳಲ್ಲಿ, ಕೆಲವರ ಮುಂದೆ ಮಾತ್ರ ಮಾತು ನಿಲ್ಲುತ್ತದೆ ಅನ್ನೋದಷ್ಟೇ ಈಗಿನ ಅರ್ಥ. ನಮ್ಮ ಶಾಲೆಗಳ ಸ್ಟಾಫ್ ರೂಮಿಗೆ ಮಾತ್ರ ಆ ಬದಲಾವಣೆ ಇನ್ನೂ ಮುಟ್ಟಿಲ್ಲ. ಬೇರೆಯವರನ್ನು ಏಕೆ ಅನ್ನಲಿ? ಪಾಠ ಮಾಡ್ತಿದ್ದ ಕಾಲದಲ್ಲಿ ನಾನೇ ಒಬ್ಬ ಹುಡುಗಿಗೆ "ಹೆಸರು ಹೇಳೋ ತನಕ ಕೂಡಬ್ಯಾಡ" ಅಂದು ಊಟದ ಗಂಟೆ ಹೊಡೆಯೋವರೆಗೂ ನಿಲ್ಲಿಸಿದ್ದೆ. ಅವಳು ಹೇಳಲಿಲ್ಲ. ಮರುದಿನದಿಂದ ನನ್ನ ಕಡೆ ನೋಡೋದನ್ನೂ ಬಿಟ್ಟಳು.

ನೀವು ಗದರಿದ್ದೂ, ಸುಮ್ನೆ ಬಿಟ್ಟಿದ್ದೂ ಎರಡೂ ಕೆಲಸ ಮಾಡಲಿಲ್ಲ ಅಂದಿರಿ. ಅದಕ್ಕೆ ಕಾರಣ ಇದೆ. ನೀವು "ನಿನ್ನ ಹೆಸರೇನು?" ಅಂತೀರಿ. ಮಗುವಿಗೆ ಗಾಬರಿ ಏರುತ್ತದೆ. ಪಕ್ಕದ ಹುಡುಗ "ಅಕಿ ಮಾತಾಡಂಗಿಲ್ರೀ" ಅಂತಾನೆ, ಇಲ್ಲಾ ನೀವೇ "ಹೋಗ್ಲಿ ಬಿಡು" ಅಂತೀರಿ. ತಕ್ಷಣ ಗಾಬರಿ ಇಳಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಈ ಕಷ್ಟ ತಪ್ಪುತ್ತದೆ ಅಂತ ಅವಳ ದೇಹ ಕಲಿತುಬಿಡುತ್ತದೆ. ಜೂನ್‌ನಿಂದ ಈ ಪಾಠ ದಿನಕ್ಕೆ ಎಷ್ಟು ಸಲ ಆಗಿದೆಯೋ ಲೆಕ್ಕ ಹಾಕಿ. ಹಾಗಾಗಿ ಒತ್ತಾಯ ಕಡಿಮೆ ಮಾಡೋದು ಅಂದರೆ ಅವಳನ್ನು ಮೂಲೆಗೆ ಬಿಟ್ಟುಬಿಡೋದಲ್ಲ. ಅವಳ ಕೈಲಿ ಆಗುವಷ್ಟು ಚಿಕ್ಕ ಮೆಟ್ಟಿಲು ಹುಡುಕಿಕೊಡೋದು.

ಎಲ್ಲಕ್ಕಿಂತ ಮೊದಲು ಒಂದು ತುರ್ತು ಕೆಲಸ. ಇಂಥ ಮಕ್ಕಳು "ಒಂದಕ್ಕೆ ಹೋಗಬೇಕು" ಅಂತ ಕೇಳಲಾರರು. ಬಿದ್ದು ಪೆಟ್ಟಾದರೂ ಹೇಳಲಾರರು. ಬಟ್ಟೆ ಒದ್ದೆ ಆಗೋ ಭಯಕ್ಕೆ ದಿನವಿಡೀ ನೀರು ಕುಡಿಯದೇ ಇರುವವರೂ ಇದ್ದಾರೆ. ಬಾಗಿಲ ಹತ್ತಿರ ಒಂದು ಚಿತ್ರದ ಕಾರ್ಡ್ ತೂಗುಹಾಕಿ. ಯಾರಿಗೆ ಹೋಗಬೇಕೋ ಅವರು ಅದನ್ನು ನಿಮ್ಮ ಮೇಜಿನ ಮೇಲಿಟ್ಟು ಹೋಗಲಿ. ಇಡೀ ತರಗತಿಗೂ ಇದೇ ನಿಯಮ ಇರಲಿ, ಅವಳಿಗೊಬ್ಬಳಿಗೇ ಬೇಡ. ಹಾಜರಿಯೂ ಹಾಗೇ. ಎಲ್ಲರೂ ತಮ್ಮ ಹೆಸರಿನ ಚೀಟಿ ಡಬ್ಬಿಗೆ ಹಾಕಲಿ. "ಎಸ್ ಟೀಚರ್" ಸದ್ಯಕ್ಕೆ ಬೇಡ. ದಿನ ಶುರುವಾಗೋದೇ ಸೋಲಿನಿಂದ ಅನ್ನೋದು ತಪ್ಪುತ್ತದೆ, ಅಲ್ವಾ?

ಆಮೇಲೆ ಎರಡು ವಾರ ಅವಳಿಗೆ ಒಂದೂ ಪ್ರಶ್ನೆ ಕೇಳಬೇಡಿ. ಇದು ಕೇಳಲು ಸುಲಭ, ಮಾಡಲು ಬಲು ಕಷ್ಟ. ನಮ್ಮ ಬಾಯಿಗೆ ಪ್ರಶ್ನೆ ಬಿಟ್ಟು ಬೇರೆ ಬರೋದಿಲ್ಲ. "ಏನ್ ಬರಿತಿದ್ದಿ?", "ಇದ್ಯಾವ ಬಣ್ಣ?" ಅನ್ನೋ ಬದಲು ದಿನಕ್ಕೆ ಐದು ನಿಮಿಷ ಅವಳ ಪಕ್ಕ ಕೂತು ಕಂಡದ್ದನ್ನು ಹೇಳಿ. "ಕೆಂಪು ಪೆನ್ಸಿಲ್ ತಗೊಂಡಿ. ಮನೆಗೆ ಬಾಗಿಲು ಹಾಕ್ತಿದ್ದಿ. ಇನ್ನೊಂದು ಕಿಟಕಿನೂ ಬಂತು." ಮುಖ ನೋಡಬೇಡಿ, ಚಿತ್ರ ನೋಡಿ. ಉತ್ತರ ಬರುವಂಥ ಜಾಗವನ್ನೇ ಬಿಡಬೇಡಿ. ಕೆಲಸ ಆಗ್ತಿದೆ ಅನ್ನೋದು ದೇಹದಲ್ಲೇ ಕಾಣುತ್ತದೆ. ಹೆಗಲು ಇಳಿಯುತ್ತದೆ, ಚಿತ್ರವನ್ನು ತಾನೇ ನಿಮ್ಮ ಕಡೆ ತಳ್ಳುತ್ತಾಳೆ, ಒಂದು ದಿನ ನಗು ಬರುತ್ತದೆ. ಅಲ್ಲಿಗೆ ಮುಂದಿನ ಮೆಟ್ಟಿಲಿಗೆ ಸಿದ್ಧ.

ಆ ಮೆಟ್ಟಿಲನ್ನು ನಾನು ಕಣ್ಣಾರೆ ಕಂಡದ್ದು ಯಾದಗಿರಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ. ನನ್ನ ಗೆಳತಿ ಅಲ್ಲಿ ಟೀಚರ್. ಹುಡುಗನಿಗೆ ಆರು ವರ್ಷ, ಮನೆಯಲ್ಲಿ ಮಾತಿನ ಮಲ್ಲ, ಶಾಲೆಯಲ್ಲಿ ಎಂಟು ತಿಂಗಳು ಮೌನ. ಕಲಬುರಗಿಯಲ್ಲಿ ಒಬ್ಬ ಮನಃಶಾಸ್ತ್ರಜ್ಞೆ ಹೇಳಿಕೊಟ್ಟ ಕ್ರಮ ಅದು. ಯಾರ ಜೊತೆ ಮಾತು ಬರುತ್ತದೋ ಅವರನ್ನು ಎಲ್ಲಿ ಬರೋದಿಲ್ಲವೋ ಅಲ್ಲಿಗೆ ಕರೆತರೋದು, ಆಮೇಲೆ ಹೊಸಬರು ಸದ್ದಿಲ್ಲದೆ ಒಳಗೆ ಜಾರೋದು.

ವಾರಕ್ಕೆ ಮೂರು ದಿನ, ಶಾಲೆ ಬಿಟ್ಟ ಮೇಲೆ ಹದಿನೈದು ನಿಮಿಷ. ಖಾಲಿ ಕೋಣೆಯಲ್ಲಿ ತಾಯಿ ಮತ್ತು ಮಗ. ಮಧ್ಯೆ ಒಂದು ಹಿಡಿ ಹುಣಸೆ ಬೀಜ. ಅವ್ವ ಒಂದು ಬೀಜ ಎತ್ತಿಟ್ಟು "ಒಂದು" ಅನ್ನಬೇಕು, ಮಗ "ಎರಡು". ಹತ್ತರವರೆಗೆ ಅಷ್ಟೇ. ಎಣಿಕೆಯನ್ನೇ ಏಕೆ ಆರಿಸಿದ್ದು? ಅದರಲ್ಲಿ ಮುಂದೆ ಏನು ಹೇಳಬೇಕು ಅಂತ ಯೋಚಿಸೋ ಕೆಲಸ ಇಲ್ಲ. ಮೊದಲ ದಿನ ಶಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಎರಡನೇ ದಿನ ಟೀಚರ್ ವರಾಂಡದಲ್ಲಿ ನಿಂತಳು, ಬಾಗಿಲು ಮುಚ್ಚೇ ಇತ್ತು. ಅವಳು ಅಲ್ಲಿದ್ದಾಳೆ ಅಂತ ಹುಡುಗನಿಗೆ ಮೊದಲೇ ಹೇಳಿದ್ದರು. ಇಲ್ಲಿ ಕದ್ದು ಕೇಳಿಸಿಕೊಳ್ಳುವ ಆಟ ಆಡಬಾರದು, ಒಮ್ಮೆ ಸಿಕ್ಕಿಬಿದ್ದರೆ ನಂಬಿಕೆ ಮುಗಿಯಿತು. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು. ಆಮೇಲೆ ಟೀಚರ್ ಹೊಸ್ತಿಲ ಒಳಗೆ, ಬೆನ್ನು ತಿರುಗಿಸಿ, ತನ್ನ ರಿಜಿಸ್ಟರ್ ಬರೆಯುತ್ತಾ ಕೂತಳು.

ನಾನು ಹೋದ ದಿನ ಆ ಹಂತ ನಡೆದಿತ್ತು. ನಾನು ಹೊರಗೆ ಬೇವಿನ ಮರದ ಕೆಳಗೇ ಉಳಿದೆ. ಅವ್ವನ ದನಿ ಕೇಳಿಸುತ್ತಿತ್ತು, "ಐದು". ಹುಡುಗನದು ಕೇಳಿಸಲಿಲ್ಲ. ಗೆಳತಿ ಆಮೇಲೆ ಹೇಳಿದಳು, ಅವಳು ಕುರ್ಚಿ ಎಳೆದ ಸದ್ದಿಗೆ ಅವನ ದನಿ ಪಿಸುಮಾತಿಗೆ ಇಳಿದಿತ್ತಂತೆ. ಇದೇ ಗುರುತು. ಪಿಸುಮಾತಿಗೆ ಇಳಿದರೆ ಮೆಟ್ಟಿಲು ಎತ್ತರ ಆಯಿತು ಅಂತ ಅರ್ಥ. ಅಲ್ಲೇ ನಿಲ್ಲಿ, ದನಿ ಮತ್ತೆ ಏರೋವರೆಗೆ ಎಣಿಸಿ. ಪೂರ್ತಿ ನಿಂತೇಹೋದರೆ ಒಂದು ಮೆಟ್ಟಿಲು ಹಿಂದೆ.

ಅಲ್ಲಿ ನಿಂತೂ ಹೋಯಿತು, ಮುಂದಿನ ವಾರ. ಎಣಿಕೆ ಕೇಳಿಸಿಕೊಂಡ ಹೆಡ್‌ಮಾಸ್ತರರು ಖುಷಿ ತಡೆಯಲಾಗದೆ ಬಾಗಿಲಲ್ಲಿ ಬಂದು "ಭಲೇ!" ಅಂತ ಚಪ್ಪಾಳೆ ತಟ್ಟಿದರು. ಪಾಪ, ಒಳ್ಳೆ ಮನಸ್ಸಿನಿಂದಲೇ. ಹುಡುಗ ಮತ್ತೆ ಮುಚ್ಚಿದ ಬಾಗಿಲಿಗೇ ಹಿಂದೆ ಹೋದ, ಹತ್ತು ದಿನ ಹಾಳಾಯಿತು. ನಿಮ್ಮ ಶಾಲೆಯ ಎಲ್ಲರಿಗೂ ಇದನ್ನು ಮೊದಲೇ ಹೇಳಿಡಿ. ಮಾತು ಬಂದಾಗ ಯಾರೂ ಬೆರಗಾಗಬಾರದು. ಅವಳು ಯಾವಾಗಲೂ ಮಾತಾಡ್ತಿದ್ದಳೇನೋ ಅನ್ನುವ ಹಾಗೆ ಇರಬೇಕು.

ಬೆನ್ನು ತಿರುಗಿಸಿ ಕೂತಲ್ಲಿಂದ ಟೀಚರ್ ಮೇಜಿನ ಹತ್ತಿರ ಬಂದಳು, ಆಮೇಲೆ ಎಣಿಕೆಗೇ ಸೇರಿದಳು. ಅವ್ವ ಒಂದು, ಮಗ ಎರಡು, ಟೀಚರ್ ಮೂರು. ಕೊನೆಗೆ ಅವ್ವ ಕಿಟಕಿಯ ಕಡೆ ಸರಿದಳು, ಆಮೇಲೆ ವರಾಂಡಕ್ಕೆ. ಹುಡುಗ, ಟೀಚರ್ ಇಬ್ಬರೇ ಹತ್ತರವರೆಗೆ ಎಣಿಸೋದಕ್ಕೆ ಏಳು ವಾರ ಹಿಡಿಯಿತು.

ಇಲ್ಲಿಗೆ ಬಂದ ಮೇಲೆ ಮಾತ್ರ ಪ್ರಶ್ನೆ. ಅದಕ್ಕೂ ಒಂದು ಅಚ್ಚು ಇದೆ. "ತತ್ತಿ ಬೇಕಾ?" ಅಂದರೆ ತಲೆ ಆಡಿಸಿದರೆ ಸಾಕು, ಮಾತು ಬೇಕಿಲ್ಲ. "ಏನು ಬೇಕು?" ಅಂದರೆ ಬಾಗಿಲು ತೀರಾ ದೊಡ್ಡದು. "ತತ್ತಿ ಬೇಕೋ, ಬಾಳೆಹಣ್ಣು ಬೇಕೋ?" ಅನ್ನಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಅವಳು ಒಂದನ್ನು ಎತ್ತಿಕೊಂಡರೆ ಆಯಿತು. ಕೇಳಿ ಮನಸ್ಸಿನಲ್ಲೇ ಐದು ಎಣಿಸಿ. ಐದು ಸೆಕೆಂಡು ಬಲು ಉದ್ದ, ಬಡಿಸುವವರ ಸೌಟು ಕಾಯುತ್ತಿರುತ್ತದೆ. ಆದರೂ ಕಾಯಿರಿ, ಬೇರೆ ಮಕ್ಕಳು ನಡುವೆ ಬಾಯಿ ಹಾಕದಂತೆ ನೋಡಿಕೊಳ್ಳಿ. ಬರಲಿಲ್ಲವಾ? ಇನ್ನೊಮ್ಮೆ ಕೇಳಿ, ಮತ್ತೆ ಐದು. ಆಗಲೂ ಬರದಿದ್ದರೆ "ಮುಟ್ಟಿ ತೋರ್ಸು" ಅಂತ ಸುಲಭ ಮಾಡಿ. ಬರಿಗೈಯಲ್ಲಿ ಕಳಿಸಬೇಡಿ, ಊಟವನ್ನು ಮಾತಿಗೆ ಅಡವಿಡಬೇಡಿ. "ತತ್ತಿ" ಅಂದಳಾ, "ತತ್ತಿ. ಹೇಳಿದ್ದು ಛಲೋ ಆತು" ಅಂತ ಮೆಲ್ಲಗೆ ಅಂದು ಮುಂದಿನ ಮಗುವಿನ ಕಡೆ ತಿರುಗಿ.

ಮೊದಲ ಸಲ ಊಟದ ಸಾಲಿನಲ್ಲಿ ಬೇಡ. ಇಬ್ಬರೇ ಇದ್ದಾಗ ಬಣ್ಣದ ಪೆನ್ಸಿಲ್‌ನಲ್ಲಿ ಶುರು ಮಾಡಿ. ಆಮೇಲೆ ಅವಳ ಮೆಚ್ಚಿನ ಒಬ್ಬ ಗೆಳತಿಯನ್ನು ಸೇರಿಸಿ. ಆಮೇಲೆ ನಲಿಕಲಿಯ ಒಂದು ಗುಂಪು. ನಲಿಕಲಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂಡೋದು ನಿಮಗೆ ದೊಡ್ಡ ಅನುಕೂಲ. ಮೂವತ್ತು ಮಕ್ಕಳು ಹಲಗೆಯ ಕಡೆ ಮುಖ ಮಾಡಿ ಕೂತ ತರಗತಿಯಲ್ಲಿ ಈ ನಡುವಿನ ಮೆಟ್ಟಿಲೇ ಸಿಗೋದಿಲ್ಲ.

ಓದಿನ ಮೌಲ್ಯಮಾಪನ ಬಂದರೆ ಮನೆಯಲ್ಲಿ ಓದಿದ್ದನ್ನು ಅವ್ವ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ಟೀಚರ್ ಕೇಳ್ತಾರೆ ಅಂತ ಮಗುವಿಗೆ ತಿಳಿಸಿಯೇ. ಅದನ್ನು ತರಗತಿಯಲ್ಲಿ ಹಾಕಿ ಕೇಳಿಸಬೇಡಿ. "ಅಕಿ ಮೂಕಿ ರೀ" ಅನ್ನೋ ಮಕ್ಕಳಿಗೆ "ಮನ್ಯಾಗ ಮಾತಾಡ್ತಾಳ, ಇಲ್ಲೂ ಆಡ್ತಾಳ" ಅಂದರೆ ಸಾಕು.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ. ಅವಳ ಮನೆಮಾತು ಯಾವುದು? ಸೇಡಂ ಅಂದರೆ ತೆಲುಗು ಇರಬಹುದು, ತಾಂಡಾದ ಲಂಬಾಣಿ ಇರಬಹುದು, ದಖನಿ ಉರ್ದು ಇರಬಹುದು. ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಸುಮ್ಮನಿದ್ದು ಕೇಳಿಸಿಕೊಳ್ಳೋದು ಸಹಜ, ಅದು ಕಾಯಿಲೆ ಅಲ್ಲ. ಆದರೆ ತನ್ನ ಭಾಷೆಯ ಮಕ್ಕಳ ಜೊತೆಗೂ ಶಾಲೆಯಲ್ಲಿ ಮಾತಿಲ್ಲ ಅಂದರೆ ಅದು ಬರೀ ಭಾಷೆಯ ತೊಡಕಲ್ಲ. ಎಣಿಕೆಯ ಆಟ ಅವಳ ಮನೆಮಾತಿನಲ್ಲೇ ಶುರುವಾಗಲಿ, ಆ ಹತ್ತು ಅಂಕಿ ನೀವೂ ಕಲಿಯಿರಿ.

ಇದೆಲ್ಲ ಮಾಡುತ್ತಲೇ ಡಾಕ್ಟರಿಗೂ ತೋರಿಸಬೇಕು. ಕಿವಿ ಪರೀಕ್ಷೆ ಮೊದಲು, ಮಾತಿನ ಬೆಳವಣಿಗೆ ಆಮೇಲೆ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿದರೆ, ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಬರೆದುಕೊಡುತ್ತಾರೆ. ದಾರಿ ಕಾಣದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಅವಳ ತಂದೆತಾಯಿ ಫೋನ್ ಮಾಡಬಹುದು, ದುಡ್ಡಿಲ್ಲ. ಮನೆಯಲ್ಲೂ ಮಾತು ಕಡಿಮೆಯಾದರೆ, ಆಡುತ್ತಿದ್ದವಳು ಒಂದು ಘಟನೆಯ ನಂತರ ಎಲ್ಲ ಕಡೆ ಒಮ್ಮೆಲೇ ನಿಲ್ಲಿಸಿದರೆ ತಡ ಮಾಡಬೇಡಿ, ಅದರ ಕಾರಣ ಬೇರೆ ಇರುತ್ತದೆ.

ಇನ್ನೊಂದು. ಬೇಸಿಗೆ ರಜೆಯಲ್ಲಿ ಇದು ಅರ್ಧ ಮರೆತುಹೋಗುತ್ತದೆ. ನನ್ನ ಗೆಳತಿ ಶಾಲೆ ಶುರುವಾಗೋ ಮೊದಲೇ ಎರಡು ಸಂಜೆ ಆ ಹುಡುಗನನ್ನು, ಅವನ ಅವ್ವನನ್ನು ಖಾಲಿ ತರಗತಿಗೆ ಕರೆಸಿದಳು. ಹುಣಸೆ ಬೀಜ ಅವನೇ ಚಡ್ಡಿ ಜೇಬಿನಲ್ಲಿ ತಂದಿದ್ದ.

— ಸಂಪಾದಕಿ